ಹಸಿರು ಚಪ್ಪರದ ಕೆಳಗಿನ ಮುಖ: ಚರ್ಮದ ಬಣ್ಣಕ್ಕೆ ನಾನು ಲ್ಯಾಬ್ ಹಿಡಿದ ಬಗೆ

ಮದುವೆ ಮನೆಯ ಅಂಗಳದಲ್ಲಿ ಹಸಿ ತೆಂಗಿನ ಗರಿಯ ಚಪ್ಪರ ಹಾಕಿದ್ದರು. ನೋಡಲು ಬಹಳ ಚಂದ. ಆದರೆ ನಡು ಮಧ್ಯಾಹ್ನದ ಬಿಸಿಲು ಆ ಗರಿಗಳೊಳಗಿಂದ ಸೋಸಿಕೊಂಡು ಇಳಿದಾಗ ಕೆಳಗೆ ಕುಳಿತ ಎಲ್ಲರ ಮುಖವೂ ಹಸಿರು ಮಿಶ್ರಿತ ಹಳದಿಯಾಗಿ ಕಾಣುತ್ತಿತ್ತು. ಮಾದರಿ ಚಿತ್ರಗಳನ್ನು ತೋರಿಸಿದಾಗ ಮದುಮಗಳ ತಾಯಿ ಕೇಳಿದ್ದು ಒಂದೇ ಮಾತು: “ನಮ್ಮ ಹುಡುಗಿಗೆ ಕಾಮಾಲೆ ಬಂದ ಹಾಗಿದೆಯಲ್ಲ ಸ್ವಾಮಿ?”

ರಾ ಫೈಲಿನಲ್ಲಿ ವೈಟ್ ಬ್ಯಾಲೆನ್ಸ್ ಬದಲಿಸುವುದು ಮೊದಲ ಮದ್ದು, ಅದನ್ನು ಮಾಡಿಯೂ ನೋಡಿದೆ. ಮುಖ ಸರಿಹೋಯಿತು, ಆದರೆ ಚಪ್ಪರದ ಆಚೆ ನೇರ ಬಿಸಿಲಿನಲ್ಲಿದ್ದ ಸುಣ್ಣದ ಗೋಡೆ ಗುಲಾಬಿಗೆ ತಿರುಗಿತು. ಒಂದೇ ಚಿತ್ರದಲ್ಲಿ ಎರಡು ಬೆಳಕು ಇದ್ದಾಗ ಹೀಗೇ ಆಗುತ್ತದೆ. ಆದ್ದರಿಂದ ಚಿತ್ರವನ್ನು ಫೋಟೋಶಾಪಿಗೆ ತಂದು, ಹಳೆಯ ಅಭ್ಯಾಸದಂತೆ ಆರ್‌ಜಿಬಿಯಲ್ಲೇ ಕೈ ಹಾಕಿದೆ.

ಕೆನ್ನೆಯ ಮೇಲಿನ ಅಳತೆ ಆರ್‌ಜಿಬಿಯಲ್ಲಿ 153, 127, 87 ಇತ್ತು. ಹಸಿರು ಹೆಚ್ಚಾಗಿದೆ ಎಂದರೆ ಕೆಂಪು ಕಡಿಮೆಯಾಗಿದೆ ಎಂದೇ ಅಲ್ಲವೇ ಎಂದುಕೊಂಡು ಕೆಂಪನ್ನು 20 ಏರಿಸಿದೆ. ಹಸಿರು ಹೋಯಿತು. ಆದರೆ ಮುಖದ ಬೆಳಕು ಸ್ವಲ್ಪ ಏರಿತು, ಹಳದಿ ಇನ್ನೂ ಗಾಢವಾಯಿತು. ಹಳದಿ ತಗ್ಗಿಸಲು ನೀಲಿ ಏರಿಸಿದೆ, ಆಗ ಕೆಂಪು ನೇರಳೆಯತ್ತ ಜಾರಿತು. ಅದನ್ನು ತಡೆಯಲು ಹಸಿರು ಮುಟ್ಟಿದೆ, ಆಗ ಇಡೀ ಮುಖದ ಬೆಳಕೇ ಅಲುಗಾಡಿತು. ಅರ್ಧ ಗಂಟೆ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುವ ಹಾಸಿಗೆಯನ್ನು ಸರಿಮಾಡುತ್ತಾ ಕುಳಿತೆ.

ಕಾರಣ ಸರಳ. ಆರ್‌ಜಿಬಿಯ ಪ್ರತಿ ಅಂಕೆಯಲ್ಲೂ ಬಣ್ಣ ಮತ್ತು ಬೆಳಕು ಒಟ್ಟಿಗೆ ಕಲಸಿಕೊಂಡಿರುತ್ತವೆ. ಸಾಮಾನ್ಯ ಎಸ್‌ಆರ್‌ಜಿಬಿಯಲ್ಲಿ ಬೆಳಕಿನ ಸುಮಾರು ನೂರಕ್ಕೆ 72 ಪಾಲು ಹಸಿರಿನ ಹೆಗಲ ಮೇಲಿದೆ, ಕೆಂಪಿನದು 21, ನೀಲಿಯದು ಬರೀ 7. ಯಾವ ಸ್ಲೈಡರ್ ಎಳೆದರೂ ಎರಡೂ ಕದಲುತ್ತವೆ. 1976ರಲ್ಲಿ ಬೆಳಕು ಮತ್ತು ಬಣ್ಣದ ಅಂತರರಾಷ್ಟ್ರೀಯ ಸಂಸ್ಥೆ ಸಿಐಇ ರೂಪಿಸಿದ ಲ್ಯಾಬ್ ಎಂಬ ಬಣ್ಣದ ಅಳತೆ ಕ್ರಮದಲ್ಲಿ ಇವು ಬೇರೆಬೇರೆ. L ಎಂದರೆ ಬೆಳಕು ಮಾತ್ರ, 0ಯಿಂದ 100. a ಒಂದು ತಕ್ಕಡಿ: ಋಣ ಬದಿಯಲ್ಲಿ ಹಸಿರು, ಧನ ಬದಿಯಲ್ಲಿ ಕೆನ್ನೇರಳೆ ಕೆಂಪು. b ಇನ್ನೊಂದು ತಕ್ಕಡಿ: ಋಣ ಬದಿಗೆ ನೀಲಿ, ಧನ ಬದಿಗೆ ಹಳದಿ. ಮದುಮಗಳ ತಾಯಿ ಹೇಳಿದ “ಕಾಮಾಲೆ” ಈ ಭಾಷೆಯಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ: a ಕಡಿಮೆ, b ಹೆಚ್ಚು.

ಅದೇ ಕೆನ್ನೆಯನ್ನು ಇನ್ಫೋ ಪ್ಯಾನೆಲ್‌ನಲ್ಲಿ ಲ್ಯಾಬ್ ಅಂಕೆಗಳಿಗೆ ಬದಲಿಸಿ ನೋಡಿದೆ. L 55, a 6, b 26. ನಾನು ಆರ್‌ಜಿಬಿಯಲ್ಲಿ ಕೆಂಪು ಏರಿಸಿದ್ದಾಗ ಅದು 57, 15, 29 ಆಗಿತ್ತು. ಅಂದರೆ a ಸರಿಯಾಗಿತ್ತು, ಆದರೆ ಇಳಿಯಬೇಕಿದ್ದ b ಮೂರು ಏರಿತ್ತು, ಮುಟ್ಟಬಾರದ L ಕೂಡ ಎರಡು ಏರಿತ್ತು. ಅರ್ಧ ಗಂಟೆ ಹಾಳಾದದ್ದರ ಲೆಕ್ಕ ಅಲ್ಲಿತ್ತು.

ಇನ್ನು ಎಲ್ಲಿಗೆ ತಲುಪಬೇಕು? ಪುಸ್ತಕದ “ಆದರ್ಶ ಚರ್ಮ”ದ ಅಂಕೆಗಳನ್ನು ನಾನು ನಂಬುವುದಿಲ್ಲ. ಆ ಹುಡುಗಿಯನ್ನೇ ಬೆಳಿಗ್ಗೆ ಜಗಲಿಯ ನೆರಳಿನಲ್ಲಿ ತೆಗೆದ ಚಿತ್ರವಿತ್ತು. ಅದರಲ್ಲಿ ಅದೇ ಕೆನ್ನೆಯನ್ನು ಅಳೆದೆ: a 14, b 20. ಅಳೆಯುವಾಗ ಐಡ್ರಾಪರನ್ನು `11 by 11 Average`ಗೆ ಇಡುತ್ತೇನೆ, ಇಲ್ಲದಿದ್ದರೆ ಒಂದೇ ಒಂದು ಚುಕ್ಕಿಯ ಬಣ್ಣ ಸಿಕ್ಕಿ ದಾರಿ ತಪ್ಪುತ್ತದೆ. ಮೂಗಿನ ಹೊಳಪು, ರೂಜ್ ಹಚ್ಚಿದ ಜಾಗ ಬಿಟ್ಟು ಅಳೆಯಬೇಕು. ನಮ್ಮ ಕಡೆಯ ಗೋಧಿ ಬಣ್ಣದ, ಕಂದು ಬಣ್ಣದ ಮುಖಗಳಲ್ಲಿ ನಾನು ಕಂಡಂತೆ a, b ಎರಡೂ ಧನವಾಗಿಯೇ ಇರುತ್ತವೆ ಮತ್ತು b ಸಾಮಾನ್ಯವಾಗಿ aಗಿಂತ ಸ್ವಲ್ಪ ಮುಂದಿರುತ್ತದೆ.

ಹಾಗಾದರೆ aಗೆ 8 ಕೂಡಿಸಬೇಕು, bಯಿಂದ 6 ಕಳೆಯಬೇಕು. ಇದು ಬೆಳಕಿನ ದೋಷವೇ ಅಥವಾ ಮುಖಕ್ಕೆ ಹಚ್ಚಿದ ಅರಿಶಿನವೇ ಎಂಬ ಅನುಮಾನ ಮಾತ್ರ ಉಳಿದಿತ್ತು. ಅರಿಶಿನವಾದರೆ ಅದನ್ನು ಅಳಿಸುವುದು ತಪ್ಪು. ಪಕ್ಕದಲ್ಲಿ ಕುಳಿತಿದ್ದ ತಂದೆಯ ಬಿಳಿ ಹತ್ತಿ ಪಂಚೆಯನ್ನು ಅಳೆದೆ: L 86, a −7, b 6. ಎರಡೂ ಸೊನ್ನೆಯ ಬಳಿ ಇರಬೇಕಿತ್ತು. ಮುಖಕ್ಕೆ ಬೇಕಾದ ತಿದ್ದುಪಡಿಯೂ ಪಂಚೆಗೆ ಬೇಕಾದ ತಿದ್ದುಪಡಿಯೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ದೋಷ ಬೆಳಕಿನದು. (ರೇಷ್ಮೆ ಪಂಚೆಯನ್ನು ಇದಕ್ಕೆ ಬಳಸಬೇಡಿ, ಅದು ಹುಟ್ಟಿನಿಂದಲೇ ಕೆನೆ ಬಣ್ಣ.)

ಕೆಲಸ ಶುರುಮಾಡುವ ಮುನ್ನ ಫೈಲಿನ ಒಂದು ನಕಲು ಮಾಡಿಕೊಂಡೆ, ಏಕೆಂದರೆ ಮೋಡ್ ಬದಲಿಸುವಾಗ ಹಳೆಯ ಅಡ್ಜಸ್ಟ್‌ಮೆಂಟ್ ಲೇಯರ್‌ಗಳು ಉಳಿಯುವುದಿಲ್ಲ. ಮೊದಲು `Image > Mode > 16 Bits/Channel`, ಆಮೇಲೆ `Lab Color`. ಲ್ಯಾಬ್‌ನ ಹರವು ಬಹಳ ದೊಡ್ಡದು, ಚರ್ಮ ಅದರಲ್ಲಿ ಒಂದು ಚಿಕ್ಕ ಮೂಲೆ. 8 ಬಿಟ್‌ನಲ್ಲಿ ಆ ಮೂಲೆಗೆ ಸಿಗುವ ಮೆಟ್ಟಿಲುಗಳು ಕಡಿಮೆಯಾಗಿ ಕೆನ್ನೆಯ ಮೇಲೆ ಪಟ್ಟೆಗಳು ಮೂಡಬಹುದು. ನಂತರ ಕರ್ವ್ಸ್ ಲೇಯರ್ ಹಾಕಿ, a ಚಾನೆಲ್‌ನಲ್ಲಿ ನಟ್ಟನಡುವೆ ಒಂದು ಬಿಂದು ಇಟ್ಟು `Input 0`, `Output 8` ಎಂದು ಬರೆದೆ. bಯಲ್ಲಿ `Input 0`, `Output -6`. L ಕರ್ವನ್ನು ಮುಟ್ಟಲಿಲ್ಲ. ಕೆನ್ನೆ 55, 14, 20ರ ಆಸುಪಾಸಿಗೆ ಬಂತು, ಪಂಚೆ 86, 1, 0. ಬಿಸಿಲಿನ ಗೋಡೆಯನ್ನು ಮಾಸ್ಕ್‌ನಿಂದ ಹೊರಗಿಟ್ಟೆ. ಆರ್‌ಜಿಬಿಯಲ್ಲಿ ಈ ಹೊಸ ಬಣ್ಣ 163, 122, 98. ಅಂದರೆ ಕೆಂಪು 10 ಏರಬೇಕಿತ್ತು, ಹಸಿರು 5 ಇಳಿಯಬೇಕಿತ್ತು, ನೀಲಿ 11 ಏರಬೇಕಿತ್ತು, ಅದೂ ಬೆಳಕು ಕದಲದಂತೆ. ಅದನ್ನು ಕೈ ಅಂದಾಜಿನಲ್ಲಿ ಹೊಡೆಯುವುದು ನನ್ನಿಂದಂತೂ ಆಗದ ಕೆಲಸ.

ಎಡವಿದ್ದೂ ಉಂಟು. ಮೊದಲ ಸಲ ದವಡೆಯ ಕೆಳಗಿನ ನೆರಳು ಕಂದಿದ ಗಾಯದಂತೆ ಕಾಣಿಸಿತು. ಅಳೆದರೆ ಅಲ್ಲಿ a 13, b 6. ನೆರಳಿನಲ್ಲಿ ಬಣ್ಣವೇ ಕಡಿಮೆಯಿರುತ್ತದೆ, ಕೆನ್ನೆಗೆ ಸರಿಯಾದ 8 ಅಲ್ಲಿಗೆ ಬಹಳವಾಯಿತು. ಹೀಗೆ a ಏರಿ bಯನ್ನು ದಾಟಿದ್ದು ಕಂಡರೆ ಎಲ್ಲೋ ಹೆಚ್ಚಾಗಿದೆ ಎಂದೇ ತಿಳಿಯುತ್ತೇನೆ. ಲೇಯರ್‌ನ `Blend If` ಅನ್ನು `Lightness`ಗೆ ಇಟ್ಟು, `Underlying Layer` ಸಾಲಿನ ಕಪ್ಪು ತ್ರಿಕೋನವನ್ನು Alt ಒತ್ತಿ ಸೀಳಿ ಎಳೆದೆ. ತಿದ್ದುಪಡಿ ನೆರಳಿನತ್ತ ಹೋದಂತೆ ಮೆಲ್ಲಗೆ ಕರಗಿತು.

ಇನ್ನೊಂದು ಲಾಭ ಆಮೇಲೆ ತಿಳಿಯಿತು. ಗರಿಗಳ ಸಂದಿಯಿಂದ ಬಿದ್ದ ಹಸಿರು ತೇಪೆಗಳು ಹಣೆಯ ಮೇಲೆ ಅಲ್ಲಲ್ಲಿ ಉಳಿದಿದ್ದವು. ಪಿಕ್ಸೆಲ್ ಲೇಯರ್‌ನಲ್ಲಿ ಹಣೆಯನ್ನಷ್ಟೇ ಆರಿಸಿ, a ಚಾನೆಲ್ ಒಂದಕ್ಕೇ 20 ಪಿಕ್ಸೆಲ್ ಗಾಸಿಯನ್ ಬ್ಲರ್ ಕೊಟ್ಟೆ. ಚರ್ಮದ ರಂಧ್ರ, ಗೆರೆ, ಕೂದಲೆಳೆಯ ವಿವರವೆಲ್ಲ ಬಹುಪಾಲು Lನಲ್ಲಿರುವುದರಿಂದ ಒಂದೂ ಮಸುಕಾಗಲಿಲ್ಲ, ತೇಪೆಗಳು ಮಾತ್ರ ಬೆರೆತುಹೋದವು. ಆದರೆ ಕುಂಕುಮವನ್ನು ಆಯ್ಕೆಯಿಂದ ಹೊರಗಿಡಲು ಮರೆತಿದ್ದೆ. ಅದರ ಕೆಂಪು ಸುತ್ತಲಿನ ಚರ್ಮಕ್ಕೆ ಇಳಿದು, ಬೆವರಿಗೆ ಕರಗಿ ಹರಡಿದಂತೆ ಕಂಡಿತು. ಹಿಂದೆ ಹೋಗಿ ಮತ್ತೆ ಮಾಡಿದೆ.

L ಕರ್ವನ್ನು ಮುಟ್ಟಲಿಲ್ಲ ಎಂದೆನಲ್ಲ, ಅದಕ್ಕೆ ಇನ್ನೊಂದು ಕಾರಣವೂ ಇದೆ. “ಸ್ವಲ್ಪ ಬೆಳ್ಳಗೆ ಮಾಡಿ” ಎಂದು ಕೇಳದ ಮನೆಯಿಲ್ಲ. a, b ಹಾಗೆಯೇ ಬಿಟ್ಟು L ಒಂದನ್ನೇ ಹತ್ತು ಏರಿಸಿದರೆ ಮುಖ ಬೂದಿ ಬಳಿದಂತೆ ಸಪ್ಪೆಯಾಗುತ್ತದೆ. ಅದನ್ನು ಒಮ್ಮೆ ಪರದೆಯ ಮೇಲೆ ತೋರಿಸಿಬಿಡುತ್ತೇನೆ, ಬೇಡಿಕೆ ತಾನಾಗಿಯೇ ಹಿಂದೆ ಸರಿಯುತ್ತದೆ.

ಕೊನೆಗೆ `Edit > Convert to Profile`ನಲ್ಲಿ ಎಸ್‌ಆರ್‌ಜಿಬಿಗೆ ಮರಳಿಸಿ ಆಲ್ಬಮ್ ಮುದ್ರಣಕ್ಕೆ ಕಳಿಸಿದೆ. ಅದೇ ಚಪ್ಪರದ ಉಳಿದ ನಲವತ್ತು ಚಿತ್ರಗಳಿಗೆ ಅದೇ ಕರ್ವನ್ನು ಎಳೆದು ಹಾಕಿ, ಪ್ರತಿಯೊಂದರಲ್ಲೂ ಪಂಚೆಯನ್ನು ಒಮ್ಮೆ ಅಳೆದು ನೋಡಿದೆ. ಮೂರು ಗಂಟೆಯ ನಂತರ ತೆಗೆದವುಗಳಲ್ಲಿ ಬಿಸಿಲು ಓರೆಯಾಗಿದ್ದರಿಂದ a 8ರ ಬದಲು 5 ಸಾಕಾಯಿತು.