ಗ್ರಾಹಕರ ಪ್ರಶ್ನೆಗಳಲ್ಲೇ ಸಿಕ್ಕಿದ ಉತ್ತರ

"ಎಂಥ ವೆಬ್‌ಸೈಟ್ ಬೇಕು?" ಎಂದು ಕೇಳಿದರೆ, ನಾನು ವೆಬ್‌ಸೈಟ್ ಮಾಡಿಕೊಡುತ್ತಿದ್ದ ಬಿಡಿಭಾಗಗಳ ಅಂಗಡಿಯ ಮಾಲೀಕರು "ಚೆನ್ನಾಗಿರಲಿ, ಅಷ್ಟೇ" ಎನ್ನುತ್ತಲೇ ಫೋನ್ ಎತ್ತಿಕೊಳ್ಳುತ್ತಿದ್ದರು. ಆ ಕರೆಗಳಲ್ಲೇ ನನಗೆ ದಾರಿ ಸಿಕ್ಕಿತು. ಅವರ ಒಪ್ಪಿಗೆ ಪಡೆದು ಗಲ್ಲಾಪೆಟ್ಟಿಗೆಯ ಪಕ್ಕ ಕುಳಿತು, ಗ್ರಾಹಕರು ಕೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಂಡೆ. "ಈ ಮಾದರಿಯ ಪಂಪಿಗೆ ವಾಷರ್ ಇದೆಯೇ?" ಎಂಬ ಪ್ರಶ್ನೆಯೇ ಮತ್ತೆ ಮತ್ತೆ ಬಂತು, ಬೆಲೆ ಕೇಳಿದವರು ಕಡಿಮೆ.

ಮಾದರಿ ಸಂಖ್ಯೆಯ ಹುಡುಕಾಟವನ್ನು ಮೊದಲ ಪುಟದ ಮೇಲ್ಭಾಗದಲ್ಲಿಟ್ಟು, ಹಾಳೆಯ ಮೇಲೆ ಗೀಚಿ ತೋರಿಸಿದೆ. "ಇದರಲ್ಲಿ ತಪ್ಪೇನಿದೆ?" ಎಂದಾಗ ಮಾಲೀಕರು ಪೆನ್ನು ತೆಗೆದುಕೊಂಡು 'ಈಗಲೇ ಖರೀದಿಸಿ' ಗುಂಡಿಯನ್ನು ಹೊಡೆದುಹಾಕಿದರು: "ಹಳೆಯ ಭಾಗದ ಫೋಟೊ ನೋಡದೆ ಕೊಡುವುದಿಲ್ಲ, ಅಳತೆ ತಪ್ಪಿದರೆ ವಾಪಸ್ ಬರುತ್ತದೆ." ಬೇಕಾದುದನ್ನು ಹೇಳಲಾಗದವರಿಗೂ ಬೇಡವಾದದ್ದು ಕಣ್ಣಿಗೆ ಬಿದ್ದ ಕ್ಷಣ ಗೊತ್ತಾಗುತ್ತದೆ. ಆ ಜಾಗಕ್ಕೆ ಫೋಟೊ ಕಳುಹಿಸುವ ಗುಂಡಿ ಬಂತು.

ಕರೆಯನ್ನೇ ಮಾಡದವರ ಪ್ರಶ್ನೆಗಳು ಹೀಗೆ ಸಿಗುವುದಿಲ್ಲ. ಅವುಗಳಿಗಾಗಿ, ಹುಡುಕಾಟದಲ್ಲಿ ಜನರು ಬರೆದೂ ಫಲಿತಾಂಶ ಸಿಗದ ಪದಗಳನ್ನು ಈಗ ನೋಡುತ್ತಿದ್ದೇನೆ.