ಬೂದು ಎಲ್ಲಿಂದ ಶುರು? ಗೋವಾದ ಒಂದು ಕಣಿವೆಯಲ್ಲಿ ಆಗರ್ ಹಿಡಿದು ತಿರುಗಿದ ಅನುಭವ

ಮಡಗಾಂವ್ ಹತ್ತಿರದ ಒಂದು ಪುಟ್ಟ ಕಣಿವೆ. ಮೇಲೆ ಗೇರು ಬೆಳೆದ ಚಿರೆಕಲ್ಲಿನ ಗುಡ್ಡ. ಅದರ ಕೆಳಗೆ ಮೆಟ್ಟಿಲು ಗದ್ದೆಗಳು. ಇವಕ್ಕೆ ಇಲ್ಲಿಯವರು ಮೊರಡ್ ಅನ್ನುತ್ತಾರೆ. ತೀರ ಕೆಳಗೆ ಖಾಜನ್, ಅಂದರೆ ಉಬ್ಬರದ ಉಪ್ಪುನೀರನ್ನು ಒಡ್ಡು ಕಟ್ಟಿ ತಡೆದು ಮಾಡಿದ ಗದ್ದೆ. ಒಟ್ಟು 24 ಹೆಕ್ಟೇರ್. ರೈತರ ಗುಂಪು ಕೇಳಿದ್ದು ಒಂದೇ ಪ್ರಶ್ನೆ: ಭತ್ತ ಕೊಯ್ದ ಮೇಲೆ ಅಲಸಂದೆ, ಬೆಂಡೆ ಎಲ್ಲಿ ಹಾಕಬಹುದು, ಎಲ್ಲಿ ಹಾಕಿದರೆ ಬೇರು ಕೊಳೆಯುತ್ತದೆ?

ನಾನು ಕುಮಟಾ ಕಡೆಯವನು, ಮಣ್ಣಿನ ಸರ್ವೆ ನನ್ನ ಕೆಲಸ. ಉತ್ತರವನ್ನು ಒಂದು ಮಣ್ಣಿನ ನಕ್ಷೆಯಾಗಿ ಮಾಡಿಕೊಡಬೇಕಿತ್ತು. ಮಣ್ಣು ಕೊರೆದು ತೆಗೆಯುವ ಆಗರ್ ತಿರುಗಿಸೋಕೆ ಜೊತೆಗೆ ಬಂದವನು ಗದಗ ಕಡೆಯ ಹುಡುಗ. ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಬಂದಿದ್ದ. ಮೊದಲ ದಿನ ಖಾಜನ್ನಿನ ಕಪ್ಪುಬೂದು ಕೆಸರು ನೋಡಿ, "ಅಣ್ಣಾರ, ಇದು ನಮ್ಮ ಎರಿ ಮಣ್ಣು ಇದ್ದಂಗ ಐತಿ ನೋಡ್ರಿ" ಅಂದ. ಕಣ್ಣಿಗೆ ಹಾಗೇ ಕಾಣುತ್ತದೆ. ಆದರೆ ಎರಿ ಹೊಲ ಕಪ್ಪಾಗಿರೋದಕ್ಕೆ ನೀರು ನಿಲ್ಲಬೇಕಿಲ್ಲ. ಇಲ್ಲಿ ಬೂದು ಬಂದಿರೋದೇ ನೀರು ನಿಂತು.

ಮಣ್ಣಿಗೆ ಕೆಂಪು, ಹಳದಿ ಬಣ್ಣ ಕೊಡೋದು ಅದರೊಳಗಿನ ಕಬ್ಬಿಣದ ತುಕ್ಕು. ಮಣ್ಣು ತಿಂಗಳುಗಟ್ಟಲೆ ನೀರಲ್ಲಿ ಮುಳುಗಿದರೆ ಒಳಗಿನ ಗಾಳಿ ಮುಗಿಯುತ್ತದೆ. ಆಗ ಸೂಕ್ಷ್ಮಜೀವಿಗಳು ಆ ತುಕ್ಕನ್ನು ನೀರಲ್ಲಿ ಕರಗುವ ರೂಪಕ್ಕೆ ತರುತ್ತವೆ. ಕರಗಿದ ಕಬ್ಬಿಣ ಜಾಗ ಬಿಟ್ಟು ಹೋಗುತ್ತದೆ, ಉಳಿಯೋದು ಬರೀ ಬೂದು. ಬೇರಿನ ತೂತಿನ ಹಾಗೆ ಗಾಳಿ ಹೊಕ್ಕುವ ಕಡೆ ಮಾತ್ರ ಮತ್ತೆ ತುಕ್ಕಿನ ಮಚ್ಚೆ ಮೂಡುತ್ತದೆ. ಫೆಬ್ರವರಿಯಲ್ಲಿ ನೀರು ಎಷ್ಟೇ ಕೆಳಗಿಳಿದಿರಲಿ, ಈ ಬಣ್ಣ ಹೋಗೋದಿಲ್ಲ. ಅದಕ್ಕೇ ಗುಂಡಿಯಲ್ಲಿ ಅಂದು ಕಂಡ ನೀರಿಗಿಂತ ಬೂದು ಎಷ್ಟು ಆಳದಲ್ಲಿ ಶುರುವಾಗುತ್ತದೆ ಅನ್ನೋದರ ಮೇಲೆ ನನಗೆ ನಂಬಿಕೆ ಜಾಸ್ತಿ.

ನಕ್ಷೆಯ ಅಳತೆ 1:5,000 ಎಂದು ನಿರ್ಧಾರವಾಗಿತ್ತು. ಕಾಗದದ ಒಂದು ಸೆಂ.ಮೀ. ಅಂದರೆ ನೆಲದ ಮೇಲೆ 50 ಮೀಟರ್. 24 ಹೆಕ್ಟೇರ್ ಕಾಗದದ ಮೇಲೆ 96 ಚದರ ಸೆಂ.ಮೀ. ಆಗುತ್ತದೆ. ಎರಡು ಚದರ ಸೆಂ.ಮೀ.ಗೆ ಒಂದು ಗುಂಡಿ ಅಂತ ಲೆಕ್ಕ ಹಾಕಿ 48 ಗುಂಡಿ ಇಟ್ಟುಕೊಂಡೆ. ಕೊನೆಗೆ ಆಗಿದ್ದು 61. ಗುಂಡಿಗಳನ್ನು ಚೌಕಾಕಾರದಲ್ಲಿ ಹರಡಲಿಲ್ಲ. ಗುಡ್ಡದಿಂದ ಖಾಜನ್‌ವರೆಗೆ ಇಳಿಜಾರಿನ ಉದ್ದಕ್ಕೆ ಐದು ಸಾಲು ಹಾಕಿದೆ. ಇಂಥ ಕಣಿವೆಯಲ್ಲಿ ಮಣ್ಣು ಬದಲಾಗೋದು ಮೇಲಿಂದ ಕೆಳಕ್ಕೆ, ಅಡ್ಡಕ್ಕೆ ಅಷ್ಟಾಗಿ ಅಲ್ಲ.

ಕೊರೆಯೋದು ಸುಲಭ ಅನ್ನಿಸುತ್ತದೆ. ಆದರೆ ಆಗರ್ ಒಳಗೆ ಮಣ್ಣು ಉಬ್ಬುತ್ತದೆ. ಹತ್ತು ಸೆಂ.ಮೀ. ಕೊರೆದರೆ ಹೊರಗೆ ಬರೋದು ಹದಿಮೂರು ಹದಿನಾಲ್ಕು ಇದ್ದಂತೆ ಕಾಣುತ್ತದೆ. ಹಾಗಾಗಿ ಪ್ರತಿ ಸಲ ಆಗರ್ ಎತ್ತಿದಾಗಲೂ ಗುಂಡಿಯೊಳಗೆ ಟೇಪ್ ಬಿಟ್ಟು ಆಳ ಅಳೆಯಬೇಕು. ಬಂದ ಮಣ್ಣಿನ ಮೇಲ್ತುದಿ ಗೋಡೆಯಿಂದ ಉದುರಿದ್ದು, ಅದನ್ನು ಎಸೆಯಬೇಕು. ಉಳಿದದ್ದನ್ನು ಉದ್ದಕ್ಕೆ ಸೀಳಿದ ಪಿವಿಸಿ ಪೈಪಿನಲ್ಲಿ ಸಾಲಾಗಿ ಜೋಡಿಸುತ್ತಿದ್ದೆವು. ಗುಡ್ಡದ ಮೇಲೆ ಆಗರ್ ಟಣ್ ಅಂತ ನಿಂತರೆ ಅದು ಬಿಡಿ ಕಲ್ಲೋ ಚಿರೆಕಲ್ಲಿನ ಹಾಸೋ ಗೊತ್ತಾಗೋದಿಲ್ಲ. ಎರಡು ಮೀಟರ್ ಆಸುಪಾಸಿನಲ್ಲಿ ಮೂರು ಸಲ ಕೊರೆದು ಮೂರೂ ಕಡೆ ಹೆಚ್ಚುಕಡಿಮೆ ಅದೇ ಆಳಕ್ಕೆ ನಿಂತರೆ ಮಾತ್ರ ಹಾಸು ಎಂದು ಬರೆದೆ.

ಬಣ್ಣ ಓದೋಕೆ ಮನ್ಸೆಲ್ ಪುಸ್ತಕ. ಪುಟದ ತುಂಬ ಬಣ್ಣದ ಚೌಕಗಳು, ಮಣ್ಣನ್ನು ಅವಕ್ಕೆ ಹೋಲಿಸಿ ನೋಡೋದು. ಈ ಪದ್ಧತಿ ಕಟ್ಟಿದ ಆಲ್ಬರ್ಟ್ ಮನ್ಸೆಲ್ ಮಣ್ಣಿನವರಲ್ಲ, ಅಮೆರಿಕದ ಚಿತ್ರಕಲೆಯ ಮೇಷ್ಟ್ರು. ಅದರಲ್ಲಿ ಬಣ್ಣಕ್ಕೆ ಮೂರು ಗುರುತು. 7.5YR 5/6 ಅಂದರೆ 7.5YR ಬಣ್ಣದ ಬಗೆ (ಹ್ಯೂ), 5 ಎಷ್ಟು ತಿಳಿ ಅಥವಾ ಕಡು (ವ್ಯಾಲ್ಯೂ), 6 ಎಷ್ಟು ಗಾಢ (ಕ್ರೋಮಾ). ಬೂದು ಹುಡುಕುವವರಿಗೆ ಬೇಕಾದ್ದು ಕೊನೆಯ ಅಂಕಿ. ಅದು 2 ಅಥವಾ ಕಡಿಮೆ ಇದ್ದರೆ ಬೂದು.

ಹೆಂಟೆಯನ್ನು ಕೈಯಲ್ಲಿ ಮುರಿದು ಹೊಸ ಮುಖ ನೋಡಬೇಕು, ಆಗರ್ ಸವರಿದ ಮುಖ ಅಲ್ಲ. ಒಣಗಿದ್ದರೆ ನೀರು ಚಿಮುಕಿಸಬೇಕು, ಬಣ್ಣ ಇನ್ನು ಬದಲಾಗದು ಅನ್ನುವಷ್ಟು. ಹೊಳಪು ಬಂದರೆ ನೀರು ಜಾಸ್ತಿಯಾಯಿತು ಅಂತ. ಬಿಸಿಲು ಬೆನ್ನ ಹಿಂದಿನಿಂದ ಬೀಳಬೇಕು, ಕಪ್ಪು ಕನ್ನಡಕ ಬೇಡ. ಸಂಜೆ ನಾಲ್ಕೂವರೆ ಮೇಲೆ ನಾನು ಬಣ್ಣ ಓದಲೇ ಇಲ್ಲ. ಆ ಬೆಳಕಲ್ಲಿ ಎಲ್ಲವೂ ಮನ್ಸೆಲ್ ಪುಸ್ತಕದ ಒಂದು ಪುಟದಷ್ಟು ಹೆಚ್ಚು ಕೆಂಪಗೆ ಕಾಣುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಮೊದಲ ದಿನ ಎಡವಿದೆ. ಹೊತ್ತಾಯಿತೆಂದು ಖಾಜನ್ನಿನ ನಾಲ್ಕು ಗುಂಡಿಗಳ ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ತಂದೆ. ಬೆಳಿಗ್ಗೆ ಜಗಲಿಯಲ್ಲಿ ಬಿಚ್ಚಿ ನೋಡಿದರೆ ಹಸಿರು ಮಿಶ್ರಿತ ಬೂದು ಮಾಯ, ಕಂದು ಬಂದುಬಿಟ್ಟಿದೆ. ಇಲ್ಲಿ ಕರಗಿದ ಕಬ್ಬಿಣ ಜಾಗ ಬಿಟ್ಟು ಹೋಗದೆ ಮಣ್ಣಲ್ಲೇ ಇತ್ತು, ಗಾಳಿ ತಾಗಿ ಮತ್ತೆ ತುಕ್ಕಾಗಿತ್ತು. ಕೆಲವು ಮಣ್ಣಲ್ಲಿ ಇದಕ್ಕೆ ಅರ್ಧ ಗಂಟೆಯೂ ಬೇಡ. ನಾಲ್ಕೂ ಗುಂಡಿ ಮತ್ತೆ ಕೊರೆದೆವು. ಹುಡುಗ ಏನೂ ಅನ್ನಲಿಲ್ಲ, ಸುಮ್ನೆ ನಕ್ಕ.

ಇನ್ನೊಂದು ಪೆಟ್ಟು ಬಿದ್ದದ್ದು ಕಂಪ್ಯೂಟರಿನಲ್ಲಿ. ವ್ಯಾಲ್ಯೂ, ಕ್ರೋಮಾ ಸೇರಿಸಿ ಒಂದೇ ಕಾಲಂನಲ್ಲಿ 5/2 ಅಂತ ಹೊಡೆದಿದ್ದೆ. ಎಕ್ಸೆಲ್ ಅದನ್ನು ಫೆಬ್ರವರಿ 5 ಮಾಡಿತು. ಆಮೇಲೆ ಬೇರೆ ಬೇರೆ ಕಾಲಂ ಮಾಡಿದೆ. ಮೂರನೇ ಸಾಲಿನ ನಾಲ್ಕನೇ ಗುಂಡಿ, T3-04, ಹೀಗೆ ಕಾಣುತ್ತದೆ:

```
hole,top,bottom,hue,value,chroma,rust_pct
T3-04,0,18,10YR,4,3,0
T3-04,18,46,10YR,5,3,5
T3-04,46,120,5Y,5,1,20
```

ಪ್ರತಿ ಗುಂಡಿಗೂ ಎರಡು ಅಂಕಿ ತೆಗೆದೆ: ಬೂದು ಶುರುವಾದ ಆಳ, ಆಗರ್ ನಿಂತ ಆಳ. ಕ್ರೋಮಾ 2ಕ್ಕೂ 3ಕ್ಕೂ ಇರೋದು ಚಾರ್ಟಿನ ಒಂದೇ ಚೌಕದ ಅಂತರ. ನಾನೂ ಹುಡುಗನೂ ಬೇರೆ ಬೇರೆ ಓದಿದಾಗ ಅಷ್ಟು ವ್ಯತ್ಯಾಸ ಬರುತ್ತಲೇ ಇತ್ತು. ಹಾಗಾಗಿ 1 ಇದ್ದರೆ ನೇರವಾಗಿ ಬೂದು, 2 ಇದ್ದರೆ ತುಕ್ಕಿನ ಮಚ್ಚೆಯೂ ಇರಬೇಕು ಅಂತ ನಿಯಮ ಮಾಡಿಕೊಂಡೆ. ಆಮೇಲೆ ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ಮಣ್ಣನ್ನು ನಾಲ್ಕು ಬಗೆ ಮಾಡಿದೆ. 50 ಸೆಂ.ಮೀ. ಒಳಗೇ ಆಗರ್ ನಿಂತರೆ A, ಬೂದು 40ರ ಒಳಗೆ ಶುರುವಾದರೆ D, 80ರ ಒಳಗಾದರೆ C, ಉಳಿದದ್ದು B:

```
CASE
 WHEN "stop_cm" < 50 THEN 'A'
 WHEN "grey_cm" < 40 THEN 'D'
 WHEN "grey_cm" < 80 THEN 'C'
 ELSE 'B'
END
```

ಚುಕ್ಕೆಗಳಿಗೆ ಬಣ್ಣ ಬಂತು. ನೋಡಿದರೆ ಗುಡ್ಡದ ಬುಡದ ಮೆಟ್ಟಿಲು ಗದ್ದೆಗಳೆಲ್ಲ D, ಅಂದರೆ ತೀರಾ ಜೌಗು! ಅದರಲ್ಲಿ T3-03 ಇರುವ ಗದ್ದೆಯಲ್ಲಿ ಒಬ್ಬ ಅಜ್ಜಿ ಪ್ರತಿ ಚಳಿಗಾಲ ಅಲಸಂದೆ ಬೆಳೆಯುತ್ತಾರೆ. ನಾವು ಅಲ್ಲಿ ಕೊರೆಯುವಾಗಲೇ ಬಳ್ಳಿ ಮೊಣಕಾಲಿಗೆ ಬಂದಿತ್ತು. ತಪ್ಪಿದ್ದು ನನ್ನ ನಿಯಮ.

ಟಿಪ್ಪಣಿ ಪುಸ್ತಕ ತೆಗೆದು ನೋಡಿದೆ. T3-03ರಲ್ಲಿ 18 ಸೆಂ.ಮೀ.ವರೆಗೆ 10YR 5/2, ಬೇರಿನ ಗುಂಟ ತುಕ್ಕಿನ ಗೆರೆ. ಅದರಡಿ ಒಂದು ಗಟ್ಟಿ ಪದರ. 24ರಿಂದ ಕೆಳಗೆ 120ರವರೆಗೂ ಚೆಂದದ 7.5YR 5/6. ಅಂದರೆ ನೀರು ಕೆಳಗಿನಿಂದ ಏರಿ ಬಂದದ್ದಲ್ಲ. ಭತ್ತಕ್ಕೆ ಕೆಸರು ಹೊಡೆದು ನಿಲ್ಲಿಸಿದ ನೀರು ಮೇಲಿನ ಪದರವನ್ನಷ್ಟೇ ಬೂದು ಮಾಡಿದೆ. ಗದ್ದೆ ಒಣಗಿಸಿದರೆ ಮುಗಿಯಿತು, ಕೆಳಗೆ ನೀರು ಚೆನ್ನಾಗಿ ಬಸಿಯುತ್ತದೆ. ಅಲ್ಲಿಂದ ಮುಂದೆ ಬೂದನ್ನು ತಳದಿಂದ ಮೇಲಕ್ಕೆ ಎಣಿಸಿದೆ. ಗುಂಡಿಯ ತಳ ಬೂದಾಗಿದ್ದರೆ, ಅದು ಎಡೆಬಿಡದೆ ಎಲ್ಲಿಯವರೆಗೆ ಏರುತ್ತದೋ ಅಲ್ಲಿಯವರೆಗಿನದ್ದು ಮಾತ್ರ ಲೆಕ್ಕ. 61 ಗುಂಡಿಯನ್ನೂ ಕೈಯಲ್ಲೇ ತಿದ್ದಿದೆ. T3-03 ಈಗ B.

ಇದರಿಂದ ಇನ್ನೊಂದು ತಪ್ಪು ಹುಟ್ಟಿತು. ಗುಡ್ಡದ ಇಳಿಜಾರಿನ ಮೂರು ಗುಂಡಿಗಳ ತಳದಲ್ಲಿ ಬಿಳಿ ಮಣ್ಣಿತ್ತು, 10YR 8/1. ನಮ್ಮ ಊರಲ್ಲಿ ಗೋಡೆಗೆ ಬಳಿಯುವ ಶೇಡಿಯೇ ಇದು. ಕ್ರೋಮಾ 1, ನಿಯಮದ ಪ್ರಕಾರ ಬೂದು. ಆದರೆ ಚಿರೆಕಲ್ಲಿನಡಿಯ ಕೆಂಪು-ಬಿಳಿ ಮಣ್ಣು ಬಂಡೆ ಕೊಳೆತ ಹಳೇ ಕಾಲದ್ದು, ಈಗಿನ ನೀರಿಗೂ ಅದಕ್ಕೂ ಸಂಬಂಧವಿಲ್ಲ. ವ್ಯಾಲ್ಯೂ 8 ಇರೋದು, ಕೆಂಪು-ಬಿಳಿಯ ಅಂಚು ಚೂಪಾಗಿರೋದು, ಬೇರಿನ ಗುಂಟ ತುಕ್ಕು ಇಲ್ಲದಿರೋದು, ಇವೇ ಗುರುತು. ಆ ಮೂರು ಗುಂಡಿಗಳ ಬಿಳಿ ಮಣ್ಣನ್ನು ಬೂದಿನ ಲೆಕ್ಕದಿಂದ ಬಿಟ್ಟೆ.

ಚುಕ್ಕೆಗಳಿಂದ ಗೆರೆಗೆ ಬರೋಣ. ಸಾಫ್ಟ್‌ವೇರಿಗೆ ಹೇಳಿದರೆ ಎರಡು ಚುಕ್ಕೆಗಳ ನಡುವೆ ನಯವಾದ ಗೆರೆ ಎಳೆದು ಕೊಡುತ್ತದೆ. ನನಗೆ ಅದು ಬೇಡವಾಗಿತ್ತು. T3-03 B, ಅದರಿಂದ 60 ಮೀಟರ್ ಕೆಳಗಿನ T3-04 C. ನಡುವೆ 30 ಮೀಟರಿಗೆ ಕೊರೆದೆವು, ಬೂದು 95ರಲ್ಲಿ. ಅಂದರೆ ಇನ್ನೂ B. ಇನ್ನೊಂದು 15 ಮೀಟರ್ ಕೆಳಗೆ ಕೊರೆದರೆ 70ರಲ್ಲಿ. ಇದು C. ಗೆರೆ ಈ 15 ಮೀಟರಿನೊಳಗಿದೆ, ನಕ್ಷೆಯಲ್ಲಿ ಅದು ಬರೀ 3 ಮಿ.ಮೀ. ಅಷ್ಟರಲ್ಲಿ ನೆಲದ ಮೇಲೆ ಏನಿದೆ ಅಂತ ತಲೆಯೆತ್ತಿ ನೋಡಿದರೆ ಉದ್ದಕ್ಕೂ ಒಂದು ಹಳೆಯ ಕಲ್ಲಿನ ಬದು. ಗೆರೆಯನ್ನು ಬದುವಿನ ಮೇಲೇ ಎಳೆದೆ. ಎರಡನೇ ಸಾಲಿನಲ್ಲೂ ಬದು ಸರಿಹೋಯಿತು. ನಾಲ್ಕನೇ ಸಾಲಿನಲ್ಲಿ ಮಾತ್ರ ಬೂದು ಬದು ದಾಟಿ 20 ಮೀಟರ್ ಮೇಲಕ್ಕೆ ಹತ್ತಿತ್ತು. ಅಲ್ಲೊಂದು ಒರತೆ ಇದೆ.

ಗುಡ್ಡದ ನೆತ್ತಿಯಲ್ಲಿ A ಮತ್ತು B ಹೆಜ್ಜೆ ಹೆಜ್ಜೆಗೂ ಬದಲಾಗುತ್ತಿದ್ದವು. ಈ ಅಳತೆಯ ನಕ್ಷೆಯಲ್ಲಿ ಓದಲು ಸಿಗುವ ಅತಿ ಚಿಕ್ಕ ತುಂಡು 0.4 ಚದರ ಸೆಂ.ಮೀ., ಅಂದರೆ ಸುಮಾರು ಹತ್ತು ಗುಂಟೆ. ಅದಕ್ಕಿಂತ ಚಿಕ್ಕದನ್ನು ಬಿಡಿಸಿದರೆ ಬರೀ ಗೀಚು. ಹಾಗಾಗಿ ಅದನ್ನು 'A-B ಮಿಶ್ರ' ಅಂತ ಒಂದೇ ಯೂನಿಟ್ ಮಾಡಿದೆ. ಖಾಜನ್ನಿನಲ್ಲಿ ತೊಂದರೆ ಬೇರೆ. ಇಡೀ D ಒಂದೇ ಬಣ್ಣ, ಆದರೆ ಮಾನಸ್ ಎನ್ನುವ ತೂಬಿನ ಬಾಗಿಲ ಹತ್ತಿರ ಉಪ್ಪು ಜಾಸ್ತಿ. ಬಣ್ಣ ಉಪ್ಪಿನ ಸುದ್ದಿ ಹೇಳೋದಿಲ್ಲ. ಅಲ್ಲಿ ಉಪ್ಪಿನ ಅಂಶ ಅಳೆಯುವ ಇಸಿ ಮೀಟರ್ ಹಿಡಿದು D1, D2 ಅಂತ ಒಡೆದೆ. ಹೆಚ್ಚು ಉಪ್ಪಿನ D2ನಲ್ಲಿ ಕೊರ್ಗುಟ್ ಭತ್ತ ಬಿಟ್ಟರೆ ಬೇರೆ ಮಾತೇ ಇಲ್ಲ ಅಂತ ಊರವರಿಗೆ ಮೊದಲೇ ಗೊತ್ತಿತ್ತು.

ಗೆರೆ ಎಲ್ಲ ಮುಗಿದ ಮೇಲೆ ಚೀಟಿ ಎತ್ತಿ 12 ಜಾಗ ಆರಿಸಿದೆ. ಹೊಸದಾಗಿ ಕೊರೆದೆವು. ಹತ್ತು ನಕ್ಷೆಯಂತೆಯೇ ಬಂದವು. ಎರಡು ತಪ್ಪಿದವು, ಎರಡೂ ಒರತೆಯ ಸುತ್ತ. C ಅಂದುಕೊಂಡ ಜಾಗದಲ್ಲಿ ಬೂದು 30ರಲ್ಲೇ ಸಿಕ್ಕಿತು. ಇನ್ನಷ್ಟು ಕೊರೆಯೋಕೆ ದುಡ್ಡೂ ಇರಲಿಲ್ಲ, ಹುಡುಗ ಯುಗಾದಿಗೆ ಊರಿಗೆ ಹೊರಟಿದ್ದ. ಅಲ್ಲಿನ ಗೆರೆಯನ್ನು ಅಳಿಸಿ ಚುಕ್ಕೆ ಚುಕ್ಕೆಯಾಗಿ ಹಾಕಿದೆ. ಪಕ್ಕದ ವಿವರಣೆಯಲ್ಲಿ, C ಒಳಗೆ ಒರತೆಯ ಬಳಿ D ಮಣ್ಣು ಸೇರಿದೆ, ತರಕಾರಿ ಹಾಕುವ ಮೊದಲು ಒಂದು ಮೊಳ ಅಗೆದು ನೋಡಿ ಅಂತ ಬರೆದೆ.