ಆಪ್ತಸಮಾಲೋಚಕರಾಗಬೇಕೇ? ಡಿಗ್ರಿ ಜೊತೆಗೆ ಸೂಪರ್‌ವಿಷನ್ ಬಗ್ಗೆಯೂ ವಿಚಾರಿಸಿ

ಹಾಸನದಲ್ಲಿ ಪಿಯುಸಿ ಮುಗಿಸಿ ಸೈಕಾಲಜಿ ಓದಬೇಕು ಅನ್ನುವವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಯಾವ ಕಾಲೇಜು, ಎಷ್ಟು ಸಂಬಳ. ‘ನಾನು ನೋಡುವ ಕೇಸ್‌ಗಳನ್ನು ಪಕ್ಕದಲ್ಲಿ ಕೂತು ಯಾರು ತಿದ್ದುತ್ತಾರೆ?’ ಎಂದು ಕೇಳುವವರು ಕಡಿಮೆ. ಹಾಗೆ ತಿದ್ದುವುದಕ್ಕೇ ಸೂಪರ್‌ವಿಷನ್ ಅನ್ನುತ್ತಾರೆ. ಈ ಕೆಲಸ ಬರುವುದು ಅಲ್ಲಿಂದಲೇ.

ಮೊದಲು ದಾರಿ ಆರಿಸಿಕೊಳ್ಳಿ

ಮೂರು ಹೆಸರುಗಳನ್ನು ಜನ ಕಲಸಿಬಿಡುತ್ತಾರೆ. ಮನೋವೈದ್ಯರು ಎಂಬಿಬಿಎಸ್ ಓದಿ, ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಮಾತ್ರೆ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಒಪ್ಪಿದ ಕೋರ್ಸ್ ಮುಗಿಸಿ ಅಲ್ಲಿ ನೋಂದಣಿ ಮಾಡಿಸಬೇಕು. ಬರೀ ಎಂ.ಎ. ಅಥವಾ ಎಂ.ಎಸ್ಸಿ. ಸೈಕಾಲಜಿ ಮುಗಿಸಿ ಈ ಬೋರ್ಡ್ ಹಾಕುವ ಹಾಗಿಲ್ಲ. ಮೂರನೆಯವರು ಆಪ್ತಸಮಾಲೋಚಕರು. ಶಾಲೆ, ಕಾಲೇಜು, ಕೌಟುಂಬಿಕ ಸಲಹಾ ಕೇಂದ್ರ, ಮದ್ಯ ಬಿಡಿಸುವ ಕೇಂದ್ರಗಳಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಇವರೇ. ಡಿಗ್ರಿ ಮೂರು ಅಥವಾ ನಾಲ್ಕು ವರ್ಷ, ಸ್ನಾತಕೋತ್ತರ ಎರಡು ವರ್ಷ ಓದಿರುತ್ತಾರೆ.

ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಸೈಕಾಲಜಿ ಮುಗಿಸೋಣ ಎಂದುಕೊಂಡಿದ್ದರೆ ಒಂದು ವಿಷಯ ಗೊತ್ತಿರಲಿ. 2025ರ ಜುಲೈ-ಆಗಸ್ಟ್ ಸಾಲಿನಿಂದ ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಸೈಕಾಲಜಿ ಪದವಿ ಕೊಡಬಾರದು ಎಂದು ಯುಜಿಸಿ ವಿಶ್ವವಿದ್ಯಾಲಯಗಳಿಗೆ ಹೇಳಿದೆ. ಹಳ್ಳಿಯಲ್ಲಿ ಕೆಲಸ ಮಾಡುತ್ತಾ ಓದುವವರಿಗೆ ಇದು ಕಷ್ಟವೇ. ಆದರೆ ಎದುರಿಗೆ ಒಬ್ಬ ಮನುಷ್ಯನನ್ನು ಕೂರಿಸಿಕೊಳ್ಳದೆ ಈ ವಿದ್ಯೆ ಹತ್ತುವುದಿಲ್ಲ ಅನ್ನುವುದೂ ನಿಜ ಅಲ್ವಾ?

ಕಾಲೇಜಿಗೆ ಸೇರುವ ಮುಂಚೆ ಸೀನಿಯರ್‌ಗಳನ್ನು ಹೀಗೆ ಕೇಳಿ: ಎರಡನೇ ವರ್ಷದಲ್ಲಿ ಎಷ್ಟು ಜನರ ಜೊತೆ ನೀವೇ ಕೂತು ಮಾತಾಡಿದಿರಿ? ಆ ಮಾತುಕತೆಯನ್ನು ಯಾರು ಓದಿದರು? ‘ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದೆವು’ ಅಂದರೆ ಅದು ಪ್ರವಾಸ, ತರಬೇತಿ ಅಲ್ಲ.

ಸೂಪರ್‌ವಿಷನ್‌ನಲ್ಲಿ ಏನು ನಡೆಯುತ್ತದೆ

ಕಲಿಯುವವರು ಸೆಷನ್ ಮುಗಿದ ದಿನವೇ ನಡೆದ ಮಾತನ್ನು ನೆನಪಿದ್ದಷ್ಟು ಹಾಗೇ ಬರೆಯುತ್ತಾರೆ. ಹಾಳೆಯಲ್ಲಿ ಮೂರು ಕಾಲಂ. ಎದುರಿನವರು ಹೇಳಿದ್ದು, ನಾನು ಹೇಳಿದ್ದು, ಆಗ ನನಗೆ ಅನ್ನಿಸಿದ್ದು. ಹೆಸರು, ಊರು ಬರೆಯುವ ಹಾಗಿಲ್ಲ. ವಾರಕ್ಕೊಮ್ಮೆ ಅನುಭವಿ ಸೂಪರ್‌ವೈಸರ್ ಜೊತೆ ಇದನ್ನು ಸಾಲು ಸಾಲಾಗಿ ಓದುತ್ತಾರೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಹಾಸ್ಟೆಲ್‌ನಲ್ಲಿದ್ದು ದ್ವಿತೀಯ ಪಿಯುಸಿ ಓದುವ ಹುಡುಗಿ. ಮನೆಯವರದು ಸಕಲೇಶಪುರ ಕಡೆ ಸಣ್ಣ ಕಾಫಿ ತೋಟ. ಅಂಕ ಇಳಿದಿದೆ, ಊಟ ಸೇರುತ್ತಿಲ್ಲ, ಅಪ್ಪನಿಗೆ ನೀಟ್ ಆಸೆ. ತರಬೇತಿಯಲ್ಲಿರುವ ಆಪ್ತಸಮಾಲೋಚಕಿಯ ಹಾಳೆಯಲ್ಲಿ ಹೀಗಿದೆ:

ಹುಡುಗಿ: ‘ಬೆಳಗ್ಗೆ ಏಳೋದೇ ಬೇಡ ಅನ್ಸುತ್ತೆ ಮೇಡಂ.’

ನಾನು: ‘ಪರೀಕ್ಷೆ ಟೈಮಲ್ಲಿ ಎಲ್ಲರಿಗೂ ಹಾಗೇ ಅನ್ಸುತ್ತೆ. ನೀಟ್ ಬೇಡ ಅಂತ ಅಪ್ಪನಿಗೆ ಹೇಳಿಬಿಡು.’

ನನಗೆ ಅನ್ನಿಸಿದ್ದು: ಪಾಪ, ಅಪ್ಪನ ಒತ್ತಡ.

ಸೂಪರ್‌ವೈಸರ್ ಎರಡು ಕಡೆ ಪೆನ್ ಇಡುತ್ತಾರೆ. ‘ನೀಟ್ ಬೇಡ ಅಂತ ಆ ಹುಡುಗಿ ಎಲ್ಲಿ ಹೇಳಿದ್ದಾಳಮ್ಮ?’ ಹುಡುಕಿದರೆ ಹಾಳೆಯಲ್ಲಿ ಎಲ್ಲೂ ಇಲ್ಲ. ಅದು ಆಪ್ತಸಮಾಲೋಚಕಿಯ ಸ್ವಂತ ಕಥೆ. ಅವಳ ಮನೆಯಲ್ಲೂ ಒಂದು ಕಾಲಕ್ಕೆ ಹಾಗೇ ಆಗಿತ್ತು. ಎರಡನೇ ಜಾಗ ಇನ್ನೂ ಮುಖ್ಯ. ‘ಏಳೋದೇ ಬೇಡ’ ಅನ್ನುವ ಮಾತಿಗೆ ‘ಎಲ್ಲರಿಗೂ ಹಾಗೇ’ ಎಂದಾಗ ಅಲ್ಲಿಗೆ ಬಾಗಿಲು ಮುಚ್ಚಿತು. ಸುಸ್ತಾ, ಬೇಜಾರಾ, ಸಾಯುವ ಯೋಚನೆಯಾ? ಕೇಳದೆ ಗೊತ್ತಾಗುವುದಿಲ್ಲ.

ಹಾಗಾಗಿ ಮುಂದಿನ ವಾರದ ತನಕ ಕಾಯದೆ, ಅದೇ ದಿನ ಹುಡುಗಿಯನ್ನು ಮತ್ತೆ ಕರೆಸಿ ನೇರವಾಗಿ ಕೇಳಬೇಕು: ‘ಸಾಯಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ?’ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ‘ಹೌದು’ ಅಂದರೆ ಹೇಗೆ, ಯಾವಾಗ ಎಂದು ಯೋಚಿಸಿದ್ದಾಳಾ, ಅದಕ್ಕೆ ಬೇಕಾದದ್ದು ಕೈಗೆ ಸಿಗುವಂತಿದೆಯಾ ಎಂದು ಕೇಳಬೇಕು. ತೋಟದ ಮನೆ ಅಂದಮೇಲೆ ಗಿಡಕ್ಕೆ ಹೊಡೆಯುವ ಔಷಧಿ ಡಬ್ಬಗಳು ಇದ್ದೇ ಇರುತ್ತವೆ. ಅವನ್ನು ಬೀಗ ಹಾಕಿಡಲು ಮನೆಯವರಿಗೆ ಹೇಳಬೇಕು. ಹುಡುಗಿಯನ್ನು ಒಂಟಿಯಾಗಿ ಬಿಡಬಾರದು, ಅವತ್ತೇ ಮನೋವೈದ್ಯರ ಹತ್ತಿರ ಕರೆದೊಯ್ಯಬೇಕು. ರಾತ್ರಿ ಹೊತ್ತಾದರೆ ಟೆಲಿ ಮನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಗುಟ್ಟು ಕಾಪಾಡುವ ಮಾತಿಗೂ ಇಲ್ಲಿ ಮಿತಿ ಇದೆ. ಜೀವಕ್ಕೆ ಅಪಾಯ ಅನ್ನಿಸಿದಾಗ ಹೇಳಲೇಬೇಕು. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಈ ಮಿತಿಯನ್ನು ಮೊದಲ ಸೆಷನ್‌ನಲ್ಲೇ ಹೇಳಿಟ್ಟುಕೊಳ್ಳಿ.

ಇದೆಲ್ಲ ಪುಸ್ತಕದಲ್ಲೂ ಇದೆ. ಆದರೆ ಎದುರಿಗೆ ಹುಡುಗಿ ಅಳುತ್ತಾ ಕೂತಾಗ ನೆನಪಾಗಬೇಕಲ್ಲ.

ಸೂಪರ್‌ವೈಸರ್ ಸಿಗುವುದು ಎಲ್ಲಿ

ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್‌ನಲ್ಲಿ ಮನೋವೈದ್ಯ ವಿಭಾಗವಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವೂ ಇದೆ. ಕಾಲೇಜಿನ ಪತ್ರ ಹಿಡಿದು ಅಲ್ಲಿ ಇಂಟರ್ನ್‌ಶಿಪ್ ಕೇಳಿ. ಮುಂದೆ ಕ್ಲಿನಿಕಲ್ ದಾರಿ ಹಿಡಿಯುವವರಿಗೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಬೇರೆ ಯಾವುದೇ ಸಂಸ್ಥೆ ‘ನಮ್ಮದು ಆರ್‌ಸಿಐ ಕೋರ್ಸ್’ ಅಂದರೆ, ಫೀಸು ಕಟ್ಟುವ ಮುಂಚೆ ಆರ್‌ಸಿಐ ವೆಬ್‌ಸೈಟಿನ ಪಟ್ಟಿಯಲ್ಲಿ ಆ ವರ್ಷಕ್ಕೆ ಅದರ ಹೆಸರಿದೆಯಾ ನೋಡಿ. ಕೆಲಸ ಶುರುವಾದ ಮೇಲೆ ಊರಲ್ಲಿ ಹಿರಿಯರು ಸಿಗದಿದ್ದರೆ ವಿಡಿಯೊ ಕಾಲ್‌ನಲ್ಲೂ ಸೂಪರ್‌ವಿಷನ್ ಪಡೆಯಬಹುದು. ಅದಕ್ಕೆ ನೀವೇ ದುಡ್ಡು ಕೊಡಬೇಕು.

ದುಡ್ಡಿನ ಲೆಕ್ಕ

ಸ್ವಂತ ಕೋಣೆ ಮಾಡಿದಿರಿ ಅಂತಿಟ್ಟುಕೊಳ್ಳಿ. ಸೆಷನ್‌ಗೆ 500 ರೂಪಾಯಿ, ದಿನಕ್ಕೆ 4 ಜನ, ತಿಂಗಳಿಗೆ 20 ದಿನ. ಕಾಗದದ ಮೇಲೆ 40,000 ಆಯಿತು. ಇದರಲ್ಲಿ ಕಾಲು ಭಾಗ ಜನ ಹೇಳದೆ ಕೇಳದೆ ತಪ್ಪಿಸಿಕೊಂಡರೆ ಉಳಿಯುವುದು 30,000. ಬಾಡಿಗೆ 6,000, ಎರಡು ಸಲದ ಸೂಪರ್‌ವಿಷನ್‌ಗೆ 3,000, ಕರೆಂಟು, ಫೋನು, ಓಡಾಟಕ್ಕೆ 1,000 ತೆಗೆಯಿರಿ. ಕೈಗೆ 20,000. ಅದೂ ದಿನಕ್ಕೆ ನಾಲ್ಕು ಜನ ಬರುತ್ತೇವೆ ಅಂದರೆ. ಮೊದಲ ವರ್ಷ ಅಷ್ಟು ಬರುವುದಿಲ್ಲ. ಆದ್ದರಿಂದ ವಾರದಲ್ಲಿ ಕೆಲವು ದಿನ ಶಾಲೆಯಲ್ಲೋ ಕಾಲೇಜಿನಲ್ಲೋ ಸಂಬಳದ ಕೆಲಸ ಹಿಡಿದು, ಸಂಜೆ ಸ್ವಂತ ಕೋಣೆ ನಡೆಸುವುದು ಲೇಸು. ಸೂಪರ್‌ವಿಷನ್ ಖರ್ಚು ಉಳಿಸಲು ಮಾತ್ರ ಹೋಗಬೇಡಿ. ಶಾಲೆಗೆ ಸೇರುವಾಗ ಇನ್ನೊಂದು ಮಾತು ಬರವಣಿಗೆಯಲ್ಲಿ ಇಸಿದುಕೊಳ್ಳಿ: ಆಪ್ತಸಮಾಲೋಚಕರಿಗೆ ಬಾಗಿಲು ಹಾಕಿಕೊಳ್ಳುವ ಪ್ರತ್ಯೇಕ ಕೋಣೆ ಬೇಕು, ಟೀಚರ್ ರಜೆ ಹಾಕಿದಾಗ ಕ್ಲಾಸಿಗೆ ಕಳಿಸುವಂತಿಲ್ಲ.

ಮನಸ್ಸಿನ ಭಾರ

ಸಣ್ಣ ಊರಿನಲ್ಲಿ ಇದಕ್ಕೊಂದು ಬೇರೆ ಮುಖವಿದೆ. ಬೆಳಗ್ಗೆ ನಿಮ್ಮ ಮುಂದೆ ಅತ್ತವರು ಸಂಜೆ ಮದುವೆ ಮನೆ ಪಂಕ್ತಿಯಲ್ಲಿ ಎದುರಿಗೇ ಕೂತಿರುತ್ತಾರೆ. ‘ಹೊರಗಡೆ ಸಿಕ್ಕರೆ ನಾನಾಗಿ ಮಾತಾಡಿಸುವುದಿಲ್ಲ. ನೀವು ಮಾತಾಡಿಸಿದರೆ ಮಾತಾಡುತ್ತೇನೆ’ ಎಂದು ಮೊದಲ ದಿನವೇ ಹೇಳಿಬಿಡಿ. ನೆಂಟರು, ಗೆಳತಿಯ ತಂಗಿ, ಮನೆ ಮಾಲೀಕರ ಮಗ ಬಂದರೆ ಬೇರೆಯವರ ಹತ್ತಿರ ಕಳಿಸಿ. ‘ನಮ್ಮವರಿಗೇ ಆಗೋದಿಲ್ವಾ?’ ಎಂದು ಬೇಜಾರು ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ ಬಿಡಿ.

ದಣಿವು ಮಿತಿ ಮೀರಿದ್ದು ಸುಸ್ತಿಗಿಂತ ಮೊದಲು ಕೆಲಸದಲ್ಲೇ ಕಾಣುತ್ತದೆ. ಒಬ್ಬರ ಸೆಷನ್ ಮಾತ್ರ ಐವತ್ತು ನಿಮಿಷ ದಾಟಿ ಒಂದೂವರೆ ಗಂಟೆ ಎಳೆಯುತ್ತದೆ. ಇನ್ನೊಬ್ಬರು ಇವತ್ತು ಬರದಿದ್ದರೆ ಸಾಕು ಅನ್ನಿಸುತ್ತದೆ. ಕೇಳುವ ಬದಲು ಬುದ್ಧಿ ಹೇಳಲು ಶುರು ಮಾಡುತ್ತೀರಿ. ಒಂದು ಕೇಸಿನ ಬಗ್ಗೆ ಬರೆಯುವುದನ್ನು ಮುಂದಕ್ಕೆ ಹಾಕುತ್ತಲೇ ಇರುತ್ತೀರಿ. ಸೂಪರ್‌ವೈಸರ್ ಮುಂದೆ ಮೊದಲು ಇಡಬೇಕಾದ್ದು ಅದೇ ಕೇಸು.